ಡೋರ್‌ಬೆಲ್ ಕತೆ ಸಾಕು, ಬೈಟ್ ಎಲ್ಲಿ ಹೋಯ್ತು ಹೇಳಿ

ಎಂಬೆಡೆಡ್ ಕೆಲಸಕ್ಕೆ ಬರುವ ಫ್ರೆಶರ್‌ಗಳನ್ನು ನಾನು ಕೇಳುವ ಪ್ರಶ್ನೆಗಳಲ್ಲಿ ಇದೊಂದು ತಪ್ಪುವುದಿಲ್ಲ: ಪೋಲಿಂಗ್‌ಗೂ ಇಂಟರಪ್ಟ್‌ಗೂ ಏನು ವ್ಯತ್ಯಾಸ? ಹೆಚ್ಚಿನವರು ಬಾಗಿಲಿನ ಕತೆ ಹೇಳುತ್ತಾರೆ. ಯಾರಾದರೂ ಬಂದ್ರಾ ಅಂತ ಆಗಾಗ ಎದ್ದು ಹೋಗಿ ನೋಡುವುದು ಪೋಲಿಂಗ್, ಬೆಲ್ ಆದಾಗ ಮಾತ್ರ ಏಳುವುದು ಇಂಟರಪ್ಟ್. ತಪ್ಪೇನಿಲ್ಲ. ಆದರೆ "ನಿಮ್ಮ ಪ್ರಾಜೆಕ್ಟ್‌ನಲ್ಲಿ ಯಾವುದು ಹಾಕಿದ್ರಿ, ಯಾಕೆ?" ಅಂದ ಕೂಡಲೇ ಮಾತು ನಿಂತುಹೋಗುತ್ತದೆ.

ಅದರ ಬದಲು ಒಂದು ನಿಜವಾದ ಬೋರ್ಡ್ ಹಿಡಿದು ಉತ್ತರಿಸಿ. ಆರ್ಡುಯಿನೊ ಊನೊಗೆ ಒಂದು ಜಿಪಿಎಸ್ ಮಾಡ್ಯೂಲ್, ಒಂದು ಡಿಎಸ್18ಬಿ20 ತಾಪಮಾನ ಸೆನ್ಸರ್ ಸೇರಿಸಿದ್ದೀರಿ ಅಂದುಕೊಳ್ಳಿ. ಕಾಲೇಜಿನಲ್ಲಿ ಇಂಥದ್ದನ್ನು ಎಷ್ಟೋ ಜನ ಮಾಡಿರುತ್ತೀರಿ.

ಜಿಪಿಎಸ್ 9600 ಬಾಡ್‌ನಲ್ಲಿ ಅಕ್ಷರ ಕಳಿಸುತ್ತದೆ. ಒಂದು ಬೈಟ್‌ಗೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಅಂದರೆ ಸುಮಾರು 1 ಮಿಲಿಸೆಕೆಂಡಿಗೆ ಒಂದು ಬೈಟ್. ಪೋಲಿಂಗ್‌ನಲ್ಲಿ ನೀವು ಲೂಪ್‌ನೊಳಗೆ `UCSR0A` ರಿಜಿಸ್ಟರ್‌ನ `RXC0` ಬಿಟ್ ನೋಡುತ್ತೀರಿ, ಅದು 1 ಆಗಿದ್ದರೆ `UDR0` ಓದುತ್ತೀರಿ. ಲೂಪ್‌ನಲ್ಲಿ ಬೇರೆ ಕೆಲಸ ಇಲ್ಲದಿದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ.

ತೊಂದರೆ ಸೆನ್ಸರ್‌ನಿಂದ ಬರುತ್ತದೆ. 12 ಬಿಟ್‌ನಲ್ಲಿ ತಾಪಮಾನ ಅಳೆಯಲು ಅದಕ್ಕೆ 750 ಮಿಲಿಸೆಕೆಂಡ್ ತನಕ ಬೇಕು. ಅಷ್ಟು ಹೊತ್ತು `delay(750)` ಹಾಕಿ ಕಾಯುತ್ತಾ ಕೂತರೆ ಜಿಪಿಎಸ್ ಕಡೆ ನೋಡುವವರೇ ಇಲ್ಲ. ಚಿಪ್‌ನ ಸೀರಿಯಲ್ ಭಾಗ ತಾನಾಗಿ ಹಿಡಿದಿಟ್ಟುಕೊಳ್ಳುವುದು ಎರಡು ಬೈಟ್, ಜೊತೆಗೆ ಶಿಫ್ಟ್ ರಿಜಿಸ್ಟರ್‌ನಲ್ಲಿ ಇನ್ನೊಂದು. ನಾಲ್ಕನೆಯದು ಬಂತೋ, ಒಂದು ಬೈಟ್ ಹೋಯಿತು. ಇದು ಗೊತ್ತಾಗುವುದು ಹೇಗೆ? ಜಿಪಿಎಸ್ ಕಳಿಸುವ `$GPRMC` ಸಾಲುಗಳು ಅರ್ಧಕ್ಕೇ ತುಂಡಾಗಿರುತ್ತವೆ, ಚೆಕ್‌ಸಮ್ ತಾಳೆಯಾಗುವುದಿಲ್ಲ. ಬೈಟ್ ಕಳೆದದ್ದನ್ನು ತೋರಿಸುವ `DOR0` ಬಿಟ್ 1 ಆಗಿದ್ದರೆ ಇನ್ನು ಅನುಮಾನವೇ ಬೇಡ. ಎಷ್ಟೋ ಜನ ಈ ಹಂತದಲ್ಲಿ ಆಂಟೆನಾ ಬದಲಾಯಿಸುತ್ತಾ ಕೂರುತ್ತಾರೆ, ಪಾಪ.

ಇಂಟರಪ್ಟ್ ಹಾಕಿದರೆ ಬೈಟ್ ಬಂದ ಕೂಡಲೇ ಸಿಪಿಯು ಮಾಡುತ್ತಿದ್ದುದನ್ನು ಬಿಟ್ಟು ಇಲ್ಲಿಗೆ ಬರುತ್ತದೆ:

```c
ISR(USART_RX_vect) {
    uint8_t c = UDR0;
    uint8_t next = (head + 1) & 127;
    if (next != tail) {
        buf[head] = c;
        head = next;
    }
}
```

ಬೈಟ್ ಎತ್ತಿ ಬಫರ್‌ಗೆ ಹಾಕು, ವಾಪಸ್ ಹೋಗು, ಅಷ್ಟೇ. ಇದರೊಳಗೆ ಪ್ರಿಂಟ್ ಮಾಡಬೇಡಿ. ಅದೇ 9600 ಬಾಡ್‌ನಲ್ಲಿ 40 ಅಕ್ಷರ ಕಳಿಸಿ ಮುಗಿಸಲು 40 ಮಿಲಿಸೆಕೆಂಡ್ ಬೇಕು. ಈ ಚಿಪ್‌ನಲ್ಲಿ ಒಂದು ಇಂಟರಪ್ಟ್ ಒಳಗಿದ್ದಾಗ ಉಳಿದವು ಕಾಯಬೇಕಾದ್ದರಿಂದ ಮತ್ತೆ ಬೈಟ್ ಕಳೆದುಹೋಗುತ್ತದೆ. `head`, `tail`, `buf` ಮೂರನ್ನೂ `volatile` ಅಂತ ಘೋಷಿಸಿದ್ದೀರಾ ಅಂತಲೂ ನಾನು ಕೇಳುತ್ತೇನೆ.

ಇಲ್ಲಿಗೆ ಉತ್ತರ ಮುಗಿಯಿತು ಅಂದುಕೊಂಡರೆ ನನ್ನ ಮುಂದಿನ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ: "ಈಗ ಬೈಟ್ ಕಳೆಯೋದಿಲ್ವಾ?" ಕಳೆಯುತ್ತದೆ! ಈ ಬಫರ್ ಹಿಡಿಯುವುದು 127 ಬೈಟ್, ಅಂದರೆ 132 ಮಿಲಿಸೆಕೆಂಡಿನಷ್ಟು ಮಾತ್ರ. ಜಿಪಿಎಸ್ ಒಂದೇ ಉಸಿರಿಗೆ ಮುನ್ನೂರು, ನಾನೂರು ಬೈಟ್ ಕಳಿಸಬಹುದು. ಲೂಪ್ ಇನ್ನೂ 750 ಮಿಲಿಸೆಕೆಂಡ್ ಮಲಗಿದ್ದರೆ ಬಫರ್ ತುಂಬಿ ಚೆಲ್ಲುತ್ತದೆ. ಇಂಟರಪ್ಟ್ ನಿಮಗೆ ಸ್ವಲ್ಪ ಸಮಯ ಕೊಡಿಸಿತು, ಬಫರ್ ಖಾಲಿ ಮಾಡುವ ಕೆಲಸ ಲೂಪ್‌ನದ್ದೇ.

ಹಾಗಾಗಿ `delay` ತೆಗೆಯಬೇಕು. ಸೆನ್ಸರ್‌ಗೆ ಅಳತೆ ಶುರುಮಾಡು ಅಂತ ಹೇಳಿ, ಆಗಿನ `millis()` ಬರೆದಿಟ್ಟುಕೊಂಡು ಮುಂದೆ ಹೋಗಿ. ಪ್ರತಿ ಸುತ್ತಿನಲ್ಲೂ ಬಫರ್ ಖಾಲಿ ಮಾಡಿ, 750 ಮಿಲಿಸೆಕೆಂಡ್ ಆಯ್ತಾ ಅಂತ ನೋಡಿ, ಆಗಿದ್ದರೆ ತಾಪಮಾನ ಓದಿ. ಗಮನಿಸಿದಿರಾ, ಸೆನ್ಸರ್‌ಗೆ ನಾವು ಹಾಕಿದ್ದು ಪೋಲಿಂಗ್! ತಾಪಮಾನ ಐದು ಮಿಲಿಸೆಕೆಂಡ್ ತಡವಾಗಿ ಓದಿದರೆ ಏನೂ ನಷ್ಟವಿಲ್ಲ, ಅದು ಅಲ್ಲೇ ಇರುತ್ತದೆ. ಜಿಪಿಎಸ್ ಬೈಟ್ ಹಾಗಲ್ಲ. ಇಷ್ಟು ಹೇಳುವ ಫ್ರೆಶರ್ ಸಿಕ್ಕರೆ ಬಾಗಿಲಿನ ಕತೆ ನಾನು ಕೇಳುವುದೇ ಇಲ್ಲ.

ಒಮ್ಮೊಮ್ಮೆ ಇನ್ನೊಂದು ಕೇಳುತ್ತೇನೆ: ಇದೇ ಬೋರ್ಡ್‌ಗೆ ಒಂದು ಪುಶ್ ಬಟನ್ ಹಾಕಿದರೆ? "ಇಂಟರಪ್ಟ್ ಸರ್" ಅಂತ ತಟ್ಟನೆ ಬರುತ್ತದೆ. ಬಟನ್ ಒಮ್ಮೆ ಒತ್ತಿದರೆ ಒಳಗಿನ ಲೋಹದ ತುಂಡು ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ, ಒಂದು ಒತ್ತಿಗೆ ಹತ್ತಾರು ಇಂಟರಪ್ಟ್ ಬರಬಹುದು. 10 ಮಿಲಿಸೆಕೆಂಡಿಗೊಮ್ಮೆ ಸುಮ್ನೆ ಪಿನ್ ನೋಡಿ, ಎರಡು ಮೂರು ಸಲ ಒಂದೇ ಬೆಲೆ ಬಂದರೆ ಒಪ್ಪಿಕೊಳ್ಳಿ. ಬೆರಳು ಅದಕ್ಕಿಂತ ಬೇಗ ಎತ್ತುವವರು ಯಾರೂ ಇಲ್ಲ. ಬಟನ್ ಒತ್ತಿದಾಗಲೇ ಚಿಪ್ ನಿದ್ದೆಯಿಂದ ಏಳಬೇಕು ಅಂತಿದ್ದರೆ ಮಾತ್ರ ಇಂಟರಪ್ಟ್ ಬೇಕಾಗುತ್ತದೆ.