ಬಾಲ ಕತ್ತರಿಸಿದರೆ ಮೂಲಪದ ಸಿಗುವುದಿಲ್ಲ

ಕನ್ನಡ ಪಠ್ಯಕ್ಕೆ ಹುಡುಕಾಟದ ವ್ಯವಸ್ಥೆ ಕಟ್ಟಲು ಹೊರಟವರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: ‘ವಿಭಕ್ತಿ ಪ್ರತ್ಯಯಗಳು ಇರುವುದೇ ಕೆಲವು. ಪಟ್ಟಿ ಮಾಡಿ ಪದದ ಕೊನೆಯಿಂದ ಕತ್ತರಿಸಿಬಿಡಿ, ಮೂಲಪದ ಉಳಿಯುತ್ತದೆ.’ ವ್ಯಾಕರಣವನ್ನು ಪ್ರೀತಿಯಿಂದ ಕಲಿತವರೂ ಹೀಗೆಯೇ ನಂಬಿರುತ್ತಾರೆ. ಎಷ್ಟೋ ಯೋಜನೆಗಳ ತಿಂಗಳುಗಟ್ಟಲೆ ಶ್ರಮವನ್ನು ಈ ಒಂದು ನಂಬಿಕೆ ತಿಂದುಹಾಕಿದೆ.

ಮೊದಲು ಲೆಕ್ಕ ನೋಡೋಣ. ಇಂಗ್ಲಿಷ್ ನಾಮಪದಕ್ಕೆ ಬರಹದಲ್ಲಿ ಸಾಮಾನ್ಯವಾಗಿ ನಾಲ್ಕೇ ರೂಪ: ಏಕವಚನ, ಬಹುವಚನ, ಎರಡಕ್ಕೂ ಒಂದೊಂದು ಷಷ್ಠಿ. ನಮ್ಮ ‘ಮನೆ’ಗೆ ಬಳಕೆಯ ಆರು ವಿಭಕ್ತಿ, ಎರಡು ವಚನ ಎಂದು ಹಿಡಿದರೆ 12 ರೂಪ. ಪ್ರತಿಯೊಂದಕ್ಕೂ ಊ, ಏ, ಓ, ಆ ಎಂಬವುಗಳಲ್ಲಿ ಒಂದು ಅಂಟಬಹುದು, ಅಂಟದೆಯೂ ಇರಬಹುದು, ಅಲ್ಲಿಗೆ 60. ‘ಮನೆಯಲ್ಲಿರುವವರಿಗೂ’ ಎಂಬಂಥ ಕೂಡುಪದಗಳನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಯಂತ್ರಕ್ಕೆ ‘ಮನೆಗೆ’ ಮತ್ತು ‘ಮನೆಗಳಲ್ಲೂ’ ಸಂಬಂಧವೇ ಇಲ್ಲದ ಎರಡು ಅಕ್ಷರಸಾಲುಗಳು. ಒಂದನ್ನು ಸಾವಿರ ಸಲ ಕಂಡಿದ್ದರೂ ಇನ್ನೊಂದರ ಬಗ್ಗೆ ಅದಕ್ಕೆ ಏನೂ ತಿಳಿದಿರುವುದಿಲ್ಲ.

ಹಾಗೆಂದು ತೊಂದರೆಯೆಲ್ಲ ಈ ಎಣಿಕೆಯಲ್ಲೇ ಇದೆ ಎಂದುಕೊಳ್ಳಬಾರದು. ‘ಮನೆ’ಯಿಂದ 60 ರೂಪ ಹುಟ್ಟಿಸುವುದು ಕಂಪ್ಯೂಟರಿಗೆ ಕಣ್ಣುಮಿಟುಕಿಸುವಷ್ಟರ ಕೆಲಸ. ಕಷ್ಟ ಇರುವುದು ಹಿಂದಕ್ಕೆ ಬಿಡಿಸುವುದರಲ್ಲಿ, ಅದರಲ್ಲೂ ಪದಕ್ಕೆ ಪ್ರತ್ಯಯ ಕೂಡುವ ಬೆಸುಗೆಯ ಜಾಗದಲ್ಲಿ. ಪೈಥಾನ್‌ನಲ್ಲಿ ಇಷ್ಟು ಮಾಡಿ ನೋಡಿ:

```python
"ಅಲ್ಲಿ" in "ಮನೆಯಲ್ಲಿ"              # False
"ಮನೆಯಲ್ಲಿ".removesuffix("ಲ್ಲಿ")     # 'ಮನೆಯ'
"ಹಲ್ಲಿ".removesuffix("ಲ್ಲಿ")         # 'ಹ'
```

ಸಪ್ತಮಿಯ ಪ್ರತ್ಯಯ ‘ಅಲ್ಲಿ’ ಎಂದು ಕಲಿತಿದ್ದೇವೆ. ಆದರೆ ‘ಮನೆಯಲ್ಲಿ’ ಎಂಬ ಪದದಲ್ಲಿ ‘ಅ’ ಎಂಬ ಅಕ್ಷರವೇ ಇಲ್ಲ. ಅದು ‘ಯ’ದ ಒಳಗೆ ಅಡಗಿದೆ, ಹೀಗೆ ವ್ಯಂಜನದೊಳಗೆ ಅಡಗಿದ ಅಕಾರಕ್ಕೆ ಯೂನಿಕೋಡ್‌ನಲ್ಲಿ ಬೇರೆ ಸಂಕೇತವಿಲ್ಲ. ಸರಿ, ‘ಲ್ಲಿ’ಯನ್ನೇ ಕತ್ತರಿಸೋಣ ಎಂದರೆ ಆಗಮವಾಗಿ ಬಂದ ‘ಯ’ ಉಳಿದುಕೊಳ್ಳುತ್ತದೆ, ಪಾಪದ ಹಲ್ಲಿ ‘ಹ’ ಆಗುತ್ತದೆ. ಉಳಿದ ‘ಯ’ವನ್ನೂ ತೆಗೆಯುವ ನಿಯಮ ಬರೆದರೆ ‘ಮನೆ’ ಸಿಗುತ್ತದೆ. ‘ಮರದಲ್ಲಿ’ಗಾಗಿ ‘ದ’ ತೆಗೆಯುವ ನಿಯಮವೂ ಬೇಕು. ಈಗ ‘ಸಮಯದಲ್ಲಿ’ ಬಂತೆನ್ನಿ: ‘ಲ್ಲಿ’ ಹೋಯಿತು, ‘ದ’ ಹೋಯಿತು, ಅಲ್ಲಿಗೆ ನಿಲ್ಲಬೇಕಿತ್ತು. ನಿಯಮ ಇನ್ನೊಂದು ಸುತ್ತು ಓಡಿದರೆ ‘ಯ’ವೂ ಹೋಗಿ ‘ಸಮ’ ಉಳಿಯುತ್ತದೆ. ಅದೂ ಒಳ್ಳೆಯ ಕನ್ನಡ ಪದವೇ ಆದ್ದರಿಂದ ನಿಘಂಟಿನಲ್ಲಿ ತಾಳೆ ನೋಡಿದರೂ ತಪ್ಪು ಸಿಕ್ಕಿಬೀಳುವುದಿಲ್ಲ.

ಬೆಸುಗೆ ಹೇಗಾಗುತ್ತದೆ ಎಂಬುದನ್ನು ಪದದ ಕೊನೆಯ ಅಕ್ಷರವೊಂದೇ ತೀರ್ಮಾನಿಸುವುದೂ ಇಲ್ಲ. ‘ಮರ’, ‘ಅಣ್ಣ’ ಎರಡೂ ಅಕಾರಾಂತ. ಆದರೂ ಒಂದು ‘ಮರಕ್ಕೆ’, ಇನ್ನೊಂದು ‘ಅಣ್ಣನಿಗೆ’. ಅಣ್ಣ ಮನುಷ್ಯ, ಮರ ಅಲ್ಲ ಎಂಬುದು ಯಂತ್ರಕ್ಕೆ ಮೊದಲೇ ಗೊತ್ತಿರಬೇಕು. ಅಕ್ಷರಗಳನ್ನು ಎಷ್ಟು ದಿಟ್ಟಿಸಿದರೂ ಅದು ತಿಳಿಯದು.

ಹಾಗಾಗಿ ಪಟ್ಟಿ ಬೇಕಾಗಿರುವುದು ಪ್ರತ್ಯಯಗಳದ್ದಲ್ಲ, ಮೂಲಪದಗಳದ್ದು. ಪ್ರತಿ ಪದದ ಪಕ್ಕದಲ್ಲಿ ಅದರ ವರ್ಗ ಬರೆದಿರಬೇಕು: ‘ಮನೆ’ಯಂತೆ ‘ಯ’ ಪಡೆಯುವುದು, ‘ಮರ’ದಂತೆ ‘ದ’ ಮತ್ತು ‘ಕ್ಕೆ’ ಪಡೆಯುವುದು, ‘ಊರು’ವಿನಂತೆ ಉಕಾರ ಬಿಟ್ಟು ‘ಊರಿಗೆ’, ‘ಊರಿನಲ್ಲಿ’ ಆಗುವುದು. ಅದರ ಮೇಲೆ, ಯಾವುದರ ನಂತರ ಯಾವುದು ಬರಬಹುದು ಎಂಬ ಕ್ರಮ. ಕೊನೆಗೆ ಬೆಸುಗೆಯಲ್ಲಿ ಅಕ್ಷರ ಬದಲಾಗುವ ನಿಯಮ. 1983ರಲ್ಲಿ ಫಿನ್ಲೆಂಡಿನ ಭಾಷಾವಿಜ್ಞಾನಿ ಕಿಮ್ಮೊ ಕೊಸ್ಕೆನ್ನಿಯೆಮಿ ಫಿನ್ನಿಷ್ ಭಾಷೆಗಾಗಿ ರೂಪಿಸಿದ ಎರಡು ಹಂತದ ವಿಧಾನ ಇದೇ ದಾರಿಯದು. ಅದೇ ನಿಯಮಗಳನ್ನು ಪದ ಕಟ್ಟಲೂ ಬಿಡಿಸಲೂ ಬಳಸಬಹುದು.

ಇಷ್ಟಾದರೂ ಕೆಲವು ಪದಗಳು ಕೈಕೊಡುತ್ತವೆ. ‘ಕಾಡಿಗೆ’ ಎಂದರೆ ಕಣ್ಣಿಗೆ ಹಚ್ಚುವುದೋ, ಕಾಡು ಪದದ ಚತುರ್ಥಿಯೋ? ‘ಕಾಡಿಗೆ ಹೋದಳು’, ‘ಕಾಡಿಗೆ ಹಚ್ಚಿದಳು’ ಎಂಬಲ್ಲಿ ಮುಂದಿನ ಪದ ಹೇಳುತ್ತದೆಯೇ ಹೊರತು ಈ ಪದವಲ್ಲ. ಹುಡುಕಾಟಕ್ಕಾದರೆ ಎರಡೂ ಬಿಡಿಕೆಗಳನ್ನು ಇಟ್ಟುಕೊಂಡರೆ ಬಹುಮಟ್ಟಿಗೆ ನಡೆಯುತ್ತದೆ. ಅನುವಾದಕ್ಕೆ ಒಂದನ್ನು ಆರಿಸಲೇಬೇಕು.

ಈಗಿನ ಭಾಷಾ ಮಾದರಿಗಳು ಪದಗಳನ್ನು ತಾವೇ ತುಂಡು ಮಾಡಿಕೊಳ್ಳುತ್ತವಲ್ಲ ಎಂದು ಕೇಳುವವರಿದ್ದಾರೆ. ಹೌದು, ಅದರಿಂದ ಉಪಯೋಗವಿದೆ. ಕಾಣದ ರೂಪ ಬಂದಾಗ ಅವು ಪೂರ್ತಿ ಕಂಗೆಡುವುದಿಲ್ಲ. ಆದರೆ ಸಾಮಾನ್ಯವಾಗಿ ಆ ತುಂಡುಗಳು ಬೀಳುವುದು ಅಕ್ಷರಗಳು ಎಷ್ಟು ಸಲ ಜೊತೆಯಾಗಿ ಬಂದಿವೆ ಎಂಬ ಎಣಿಕೆಯ ಮೇಲೆ. ಬೆಸುಗೆ ಎಲ್ಲಿದೆ ಎಂದು ನೋಡಿ ಕತ್ತರಿಸಿದ್ದಲ್ಲ. ಕಲಿಕೆಯ ಪಠ್ಯ ಕಡಿಮೆ ಇದ್ದಷ್ಟೂ ಈ ವ್ಯತ್ಯಾಸ ಕಾಡುವುದು ಹೆಚ್ಚು.

ಪರೀಕ್ಷಿಸುವಾಗ ಎರಡು ಪಟ್ಟಿ ಇಟ್ಟುಕೊಳ್ಳಿ. ಒಂದರಲ್ಲಿ ಹಲ್ಲಿ, ಹೊಗೆ, ಮಲ್ಲಿಗೆ, ಸಮಯದಂಥ, ಕತ್ತರಿಸಲೇಬಾರದ ಪದಗಳು. ಇನ್ನೊಂದರಲ್ಲಿ ಪ್ರತಿ ವರ್ಗದ ಒಂದೊಂದು ಪದದ ಎಲ್ಲ ರೂಪಗಳು. ಎರಡರ ತಪ್ಪುಗಳನ್ನೂ ಬೇರೆಬೇರೆಯಾಗಿಯೇ ಎಣಿಸಿ, ಒಟ್ಟು ಶೇಕಡಾವಾರಿನಲ್ಲಿ ಬೆರೆಸಬೇಡಿ. ಎರಡನೆಯ ಪಟ್ಟಿಯನ್ನು ಸರಿಪಡಿಸಲು ಸೇರಿಸಿದ ನಿಯಮ ಮೊದಲನೆಯದನ್ನು ಕೆಡಿಸುವುದು ತೀರಾ ಸಾಮಾನ್ಯ. ಆದ್ದರಿಂದ ಒಂದು ನಿಯಮ ಬದಲಾದಾಗಲೆಲ್ಲ ಎರಡೂ ಪಟ್ಟಿಗಳನ್ನು ಮೊದಲಿನಿಂದ ಓಡಿಸಬೇಕು.