ಡೆಫಿನಿಷನ್ ಆಫ್ ರೆಡಿ: ಟೊಮೆಟೊ ಹರಾಜಿನ ಒಂದು ಎಸ್‌ಎಂಎಸ್ ಹಿಡಿದು ನೋಡೋಣ

ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗ್‌ನಲ್ಲಿರುವ ಒಂದು ಕೆಲಸವನ್ನು ಸ್ಪ್ರಿಂಟಿಗೆ, ಅಂದರೆ ನಿಗದಿತ ಅವಧಿಯ ಕೆಲಸದ ಸುತ್ತಿಗೆ, ತೆಗೆದುಕೊಳ್ಳುವಷ್ಟು ನಮಗೆ ಅದರ ಬಗ್ಗೆ ಗೊತ್ತಾಗಿದೆಯಾ? ತಂಡ ಇದನ್ನು ಕೇಳಿಕೊಳ್ಳಲು ಇಟ್ಟುಕೊಂಡಿರುವ ಸಣ್ಣ ಪಟ್ಟಿಯೇ ಡೆಫಿನಿಷನ್ ಆಫ್ ರೆಡಿ. ಡೆಫಿನಿಷನ್ ಆಫ್ ಡನ್ ಕೆಲಸ ಮುಗಿದಿದೆಯಾ ಅಂತ ನೋಡುತ್ತದೆ. ರೆಡಿ ಪಟ್ಟಿ ಕೆಲಸ ಶುರು ಮಾಡಬಹುದಾ ಅಂತ ನೋಡುತ್ತದೆ.

ಪರೀಕ್ಷೆಗೆ ಓದುತ್ತಿರುವವರು ಒಂದು ವಿಷಯ ಗುರುತು ಹಾಕಿಕೊಳ್ಳಿ. ಸ್ಕ್ರಮ್ ಪದ್ಧತಿಯ ಮೂಲ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್‌ನಲ್ಲಿ ಡೆಫಿನಿಷನ್ ಆಫ್ ಡನ್ ಇದೆ, ಡೆಫಿನಿಷನ್ ಆಫ್ ರೆಡಿ ಇಲ್ಲ. ಒಂದು ಸ್ಪ್ರಿಂಟಿನೊಳಗೆ ತಂಡ ಡನ್ ಮಾಡಬಲ್ಲ ಐಟಂ, ಪ್ಲಾನಿಂಗ್‌ನಲ್ಲಿ ಆರಿಸಿಕೊಳ್ಳಲು ರೆಡಿ ಅಂತ ಮಾತ್ರ ಅಲ್ಲಿ ಹೇಳಿದೆ. ಪಟ್ಟಿ ಮಾಡಿಕೊಳ್ಳುವುದು ತಂಡಗಳು ರೂಢಿಸಿಕೊಂಡ ಪದ್ಧತಿ. ಆದರೆ ಗೈಡ್‌ನ ಆ ಒಂದು ಸಾಲನ್ನು ಮರೆಯಬೇಡಿ. ರೆಡಿಯನ್ನು ಅಲ್ಲಿ ಡನ್ ಕಡೆಯಿಂದಲೇ ಅಳೆದಿದ್ದಾರೆ. ಈ ಟಿಪ್ಪಣಿ ಪೂರ್ತಿ ಆ ಸಾಲಿನ ಮೇಲೆಯೇ ನಿಂತಿದೆ.

ಈ ಪಟ್ಟಿಯನ್ನು ಬಳಸುವ ಜಾಗ, ಬ್ಯಾಕ್‌ಲಾಗ್ ಐಟಂಗಳನ್ನು ಮೊದಲೇ ಬಿಡಿಸಿ ಸ್ಪಷ್ಟ ಮಾಡಿಕೊಳ್ಳುವ ರಿಫೈನ್‌ಮೆಂಟ್. ಹಳಬರು ಗ್ರೂಮಿಂಗ್ ಅಂತ ಕರೆಯುವುದು ಇದನ್ನೇ. ಸ್ಪ್ರಿಂಟ್ ಪ್ಲಾನಿಂಗ್ ದಿನ ಮೊದಲ ಸಲ ಪಟ್ಟಿ ತೆಗೆದರೆ ಪ್ರಯೋಜನ ಕಡಿಮೆ. ಯಾಕೆಂದರೆ ಅವತ್ತು ಏಳುವ ಪ್ರಶ್ನೆಗೆ ಉತ್ತರ ಹುಡುಕಲು ಸಮಯವೇ ಇರುವುದಿಲ್ಲ.

ಈಗ ಉದಾಹರಣೆಗೆ ಬರೋಣ. ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಗಳಿಗೆ ಆ್ಯಪ್ ಮಾಡುವ ಒಂದು ಸಣ್ಣ ತಂಡ ಇದೆ ಅಂದುಕೊಳ್ಳಿ. ಏನು ಮಾಡಬೇಕು ಅಂತ ತೀರ್ಮಾನಿಸುವ ಒಬ್ಬರು ಪ್ರಾಡಕ್ಟ್ ಓನರ್, ಇಬ್ಬರು ಡೆವಲಪರ್‌ಗಳು, ಒಬ್ಬಳು ಟೆಸ್ಟರ್. ಸ್ಪ್ರಿಂಟ್ ಎರಡು ವಾರದ್ದು. ಬ್ಯಾಕ್‌ಲಾಗ್‌ನಲ್ಲಿ ಈ ಕಾರ್ಡ್ ಇದೆ:

"ಹರಾಜು ಮುಗಿದ ತಕ್ಷಣ ರೈತರ ಮೊಬೈಲಿಗೆ ದರದ ಎಸ್‌ಎಂಎಸ್ ಹೋಗಬೇಕು."

ಓದಿದರೆ ಸ್ಪಷ್ಟವಾಗಿಯೇ ಇದೆ ಅನ್ನಿಸುತ್ತೆ, ಅಲ್ವಾ? ತಂಡದ ಪಟ್ಟಿಯಲ್ಲಿ ಇರುವುದು ನಾಲ್ಕೇ ಪ್ರಶ್ನೆ:

- ಇದು ಯಾರಿಗೆ, ಯಾಕೆ ಬೇಕು ಅಂತ ಎಲ್ಲರೂ ಒಂದೇ ರೀತಿ ಹೇಳುತ್ತೇವಾ?
- ಯಾವುದು ಸರಿ, ಯಾವುದು ತಪ್ಪು ಅಂತ ಟೆಸ್ಟರ್ ನೋಡಿ ಹೇಳುವಷ್ಟು ಉದಾಹರಣೆಗಳು ಇವೆಯಾ?
- ನಮ್ಮ ಕೈಯಲ್ಲಿಲ್ಲದ ಯಾವುದಾದರೂ ಇಲ್ಲದಿದ್ದರೆ ಇದು ಡನ್ ಆಗುವುದೇ ಇಲ್ಲವಾ?
- ಅಂದಾಜು ಹಾಕಿದ್ದೇವಾ, ಒಂದು ಸ್ಪ್ರಿಂಟಿನಲ್ಲಿ ಹಿಡಿಸುತ್ತದಾ?

ಮೊದಲ ಪ್ರಶ್ನೆ ಬೇಗ ಮುಗಿಯುತ್ತದೆ. ಮಾಲು ಲಾರಿಯಲ್ಲಿ ಕಳಿಸಿ ಊರಲ್ಲೇ ಇರುವ ರೈತರಿಗೆ ತಮ್ಮ ಬಾಕ್ಸ್ ಎಷ್ಟಕ್ಕೆ ಹೋಯಿತು ಅಂತ ಫೋನ್ ಮಾಡದೆ ಗೊತ್ತಾಗಬೇಕು. ಅದರ ಬಗ್ಗೆ ಯಾರಿಗೂ ತಕರಾರಿಲ್ಲ.

ಎರಡನೇ ಪ್ರಶ್ನೆಯಲ್ಲಿ ಮಾತು ಜೋರಾಗುತ್ತದೆ. ಟೆಸ್ಟರ್ ಕೇಳುತ್ತಾಳೆ: "ಮೇಡಂ, ಒಬ್ಬರ ಮಾಲು ಎರಡು ದರಕ್ಕೆ ಹೋದರೆ ಏನು ಕಳಿಸೋದು?" ಪ್ರಾಡಕ್ಟ್ ಓನರ್ ಹೇಳುತ್ತಾರೆ: "ಹೋಗುತ್ತಲ್ಲಮ್ಮ, ಕಾಯಿ ದಪ್ಪ-ಸಣ್ಣ ಇದ್ದರೆ ಲಾಟ್ ಬೇರೆ ಆಗುತ್ತೆ." ಅಲ್ಲಿಗೆ ಕಾರ್ಡಿನಲ್ಲಿ "ದರ" ಅಂತ ಒಂದೇ ಸಂಖ್ಯೆ ಇದ್ದದ್ದು ಸಾಲದು ಅಂತ ಗೊತ್ತಾಯಿತು. ಒಂದು ನಿಜವಾದ ಲೆಕ್ಕ ಬರೆದುಕೊಂಡರು. 15 ಕೆಜಿಯ 40 ಬಾಕ್ಸ್ ಬಂದಿದೆ. ಅದರಲ್ಲಿ 25 ಬಾಕ್ಸ್ 320 ರೂಪಾಯಿಗೆ, 15 ಬಾಕ್ಸ್ 210 ರೂಪಾಯಿಗೆ ಹೋಗಿದೆ. ಮೊದಲ ಲಾಟಿಗೆ 8000, ಎರಡನೆಯದಕ್ಕೆ 3150. ಒಂದು ಲಾಟಿಗೆ ಒಂದು ಸಂದೇಶ ಅಂತ ತೀರ್ಮಾನ ಆಯಿತು. ಒಟ್ಟು ಅಂದರೆ ಹಮಾಲಿ, ಲಾರಿ ಬಾಡಿಗೆ ಕಳೆಯುವ ಮೊದಲಿನ ಮೊತ್ತ ಅಂತಲೂ ಬರೆದರು. ಇದನ್ನು ಬರೆಯದೇ ಹೋಗಿದ್ದರೆ ಇಬ್ಬರು ಡೆವಲಪರ್‌ಗಳು ಎರಡು ರೀತಿ ಲೆಕ್ಕ ಮಾಡುವ ಸಾಧ್ಯತೆ ಇತ್ತು.

"ತಕ್ಷಣ" ಅನ್ನುವುದನ್ನು ಟೆಸ್ಟ್ ಮಾಡಲು ಆಗುವುದಿಲ್ಲ. ಅದಕ್ಕೆ "ಗುಮಾಸ್ತರು ಲಾಟ್ ಸೇವ್ ಮಾಡಿದ 10 ನಿಮಿಷದೊಳಗೆ ನಮ್ಮ ಕಡೆಯಿಂದ ಹೊರಟಿರಬೇಕು" ಅಂತ ಬದಲಾಯಿಸಿದರು. "ನಮ್ಮ ಕಡೆಯಿಂದ ಹೊರಟಿರಬೇಕು" ಅನ್ನುವ ಮಾತು ಮುಖ್ಯ. ರೈತರ ಫೋನ್ ಸ್ವಿಚ್ ಆಫ್ ಆಗಿದ್ದರೆ ಅದು ತಲುಪುವುದು ತಂಡದ ಕೈಯಲ್ಲಿಲ್ಲ. ಮೊಬೈಲ್ ನಂಬರ್ ಇಲ್ಲದ ರೈತರಿಗೆ? ಸಂದೇಶ ಇಲ್ಲ, ಗುಮಾಸ್ತರ ಪರದೆಯಲ್ಲಿ ಗುರುತು ಕಾಣಬೇಕು.

ಸಂದೇಶ ಹೇಗಿರಬೇಕು ಅಂತ ಅಲ್ಲೇ ಬರೆದು ನೋಡಿದರು:

ನಿಮ್ಮ ಟೊಮೆಟೊ 25 ಬಾಕ್ಸ್, ಬಾಕ್ಸಿಗೆ 320 ರೂ. ಒಟ್ಟು 8000 ರೂ.

ಇಲ್ಲಿ ಕನ್ನಡಕ್ಕೇ ಸಂಬಂಧಪಟ್ಟ ಒಂದು ಲೆಕ್ಕ ಇದೆ. ಇಂಗ್ಲಿಷ್ ಅಕ್ಷರಗಳ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡ ಯುನಿಕೋಡ್‌ನಲ್ಲಿ ಹೋಗುವುದರಿಂದ 70 ಮಾತ್ರ. ಅದನ್ನು ದಾಟಿದರೆ ಸಂದೇಶ ತುಂಡಾಗುತ್ತದೆ, ಒಂದೊಂದು ತುಂಡಿಗೆ 67. ಎರಡು ತುಂಡಾದರೆ ಎರಡು ಎಸ್‌ಎಂಎಸ್‌ನ ಲೆಕ್ಕ. ನಮ್ಮ ಕಣ್ಣಿಗೆ "ಟೊಮೆಟೊ" ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಆರು, ಯಾಕೆಂದರೆ ಸ್ವರಚಿಹ್ನೆ ಬೇರೆಯಾಗಿ ಎಣಿಕೆಯಾಗುತ್ತದೆ. ಒತ್ತಕ್ಷರವೂ ಹಾಗೆಯೇ ಬೆಳೆಯುತ್ತದೆ. ಮೇಲಿನ ಸಂದೇಶ ಖಾಲಿ ಜಾಗ, ಚುಕ್ಕಿ ಎಲ್ಲಾ ಸೇರಿ 55 ಬರುತ್ತದೆ. "ಮಂಡಿ 118." ಅಂತ ಸೇರಿಸಿದರೆ 65. ಅದರ ಮೇಲೆ ಪೂರ್ತಿ ತಾರೀಕೂ ಹಾಕಿದರೆ 76, ಅಂದರೆ ಎರಡು ತುಂಡು. ಸಂದೇಶ ಬಂದ ದಿನ ಫೋನಿನಲ್ಲೇ ಕಾಣುತ್ತದೆ ಅಂತ ತಾರೀಕು ಬಿಟ್ಟು, ಮಂಡಿ ನಂಬರ್ ಉಳಿಸಿಕೊಂಡರು. ಬೆಲೆ ಏರಿದ ದಿನ ಅಂಕಿಗಳೂ ಉದ್ದ ಆಗುತ್ತವೆ. ಆದ್ದರಿಂದ ಬಾಕ್ಸ್ ಮೂರು ಅಂಕಿ, ದರ ನಾಲ್ಕು ಅಂಕಿ, ಮೊತ್ತ ಆರು ಅಂಕಿ ಆದರೂ 70ರೊಳಗೆ ಇರಬೇಕು ಅಂತ ಒಂದು ಉದಾಹರಣೆ ಸೇರಿಸಿದರು. ಲೆಕ್ಕ ಹಾಕಿದರೆ 69, ಹಿಡಿಸುತ್ತದೆ.

ಇನ್ನೊಂದು ಪ್ರಶ್ನೆಯನ್ನು ಡೆವಲಪರ್ ಎತ್ತಿದ. ಗುಮಾಸ್ತರು ದರ ತಪ್ಪಾಗಿ ಹಾಕಿ ಆಮೇಲೆ ತಿದ್ದಿದರೆ? ಆಗ ತಿದ್ದುಪಡಿಯ ಸಂದೇಶ ಹೋಗಬೇಕು, ಅದರ ಮಾತು ಬೇರೆ. ಈ ಪ್ರಶ್ನೆ ತಂಡವನ್ನು ನೇರವಾಗಿ ಪಟ್ಟಿಯ ಮೂರನೇ ಸಾಲಿಗೆ ತಂದು ನಿಲ್ಲಿಸಿತು.

ನನ್ನ ಪ್ರಕಾರ ಪಟ್ಟಿಯಲ್ಲಿ ಜಾಸ್ತಿ ಕೆಲಸ ಮಾಡುವ ಸಾಲು ಈ ಮೂರನೆಯದು. ಬಹಳ ಪಟ್ಟಿಗಳಲ್ಲಿ ಇದು "ಡಿಪೆಂಡೆನ್ಸಿ ಗುರುತಿಸಲಾಗಿದೆ" ಅಂತ ಇರುತ್ತದೆ. ಹಾಗೆ ಬರೆದರೆ ಟಿಕ್ ಹಾಕುವುದು ಸುಲಭ. ಎಸ್‌ಎಂಎಸ್ ಗೇಟ್‌ವೇ ಬೇಕು ಅಂತ ಗುರುತಿಸಿದ್ದೇವೆ, ಟಿಕ್. ಗುರುತಿಸಿದ ಮಾತ್ರಕ್ಕೆ ಅದು ಕೈಗೆ ಬಂದ ಹಾಗೆ ಆಗಲಿಲ್ಲ. ಪ್ರಶ್ನೆಯನ್ನು ಡನ್ ಕಡೆಯಿಂದ ಕೇಳಿದಾಗ ಮಾತ್ರ ಉತ್ತರ ನಿಜವಾಗುತ್ತದೆ. ಈ ತಂಡದ ಡೆಫಿನಿಷನ್ ಆಫ್ ಡನ್‌ನಲ್ಲಿ "ನಿಜವಾದ ಫೋನಿನಲ್ಲಿ ನೋಡಿರಬೇಕು" ಅನ್ನುವ ಸಾಲು ಇದೆ. ನಿಜವಾದ ಫೋನಿಗೆ ಹೋಗಲು ಏನು ಬೇಕು?

ನಮ್ಮ ದೇಶದಲ್ಲಿ ವ್ಯಾಪಾರದ ಎಸ್‌ಎಂಎಸ್ ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2018ರ ನಿಯಮದ ಪ್ರಕಾರ ಡಿಎಲ್‌ಟಿ, ಅಂದರೆ ಟೆಲಿಕಾಂ ಕಂಪನಿಗಳು ನಡೆಸುವ ದಾಖಲೆ ವ್ಯವಸ್ಥೆಯಲ್ಲಿ ನೋಂದಣಿ ಬೇಕು. ಕಳಿಸುವ ಸಂಸ್ಥೆ, ಕಳಿಸುವವರ ಹೆಸರಾಗಿ ಕಾಣುವ ಹೆಡರ್, ಸಂದೇಶದ ಟೆಂಪ್ಲೇಟ್ ಮೂರೂ ನೋಂದಣಿ ಆಗಿರಬೇಕು. ಟೆಂಪ್ಲೇಟಿನಲ್ಲಿ ಬದಲಾಗುವ ಅಂಕಿಗಳಿಗೆ ಜಾಗ ಬಿಟ್ಟಿರುತ್ತಾರೆ. ಉಳಿದ ಮಾತು ಒಪ್ಪಿಗೆಯಾದ ಹಾಗೆಯೇ ಇರಬೇಕು. ಇಲ್ಲದಿದ್ದರೆ ಸಂದೇಶ ಹೋಗುವುದಿಲ್ಲ. ಕೋಡ್ ಎಷ್ಟೇ ಸರಿ ಇದ್ದರೂ ಇದು ಬದಲಾಗುವುದಿಲ್ಲ. ತಿದ್ದುಪಡಿಯ ಸಂದೇಶದ ಮಾತು ಬೇರೆ ಆದ್ದರಿಂದ ಅದಕ್ಕೆ ಇನ್ನೊಂದು ಟೆಂಪ್ಲೇಟ್ ಬೇಕು. ಅದರ ಬಗ್ಗೆ ಅಲ್ಲಿಯವರೆಗೆ ಯಾರೂ ಯೋಚನೆಯೇ ಮಾಡಿರಲಿಲ್ಲ.

ಒಪ್ಪಿಗೆ ಯಾವಾಗ ಬರುತ್ತದೆ ಅನ್ನುವುದು ತಂಡದ ಕೈಯಲ್ಲಿಲ್ಲ. ಆದ್ದರಿಂದ ಈ ಕಾರ್ಡ್ ಇರುವ ಹಾಗೆ ರೆಡಿ ಅಲ್ಲ. ಇಲ್ಲಿ ಎರಡು ದಾರಿ ಇವೆ: ಸುಮ್ನೆ ಕಾಯುವುದು, ಇಲ್ಲವೇ ಕಾರ್ಡನ್ನು ಒಡೆಯುವುದು. ತಂಡ ಮೂರು ತುಂಡು ಮಾಡಿತು.

ಮೊದಲನೆಯದು: ಗುಮಾಸ್ತರು ಲಾಟ್ ಸೇವ್ ಮಾಡಿದ ಕೂಡಲೇ ಸಂದೇಶದ ಮಾತು ತಯಾರಾಗಿ ಪರದೆಯಲ್ಲಿ ಕಾಣಬೇಕು. ಫೋನ್ ಮಾಡಿ ಕೇಳುವ ರೈತರಿಗೆ ಗುಮಾಸ್ತರು ಅದನ್ನೇ ಓದಿ ಹೇಳಬಹುದು. ಇದಕ್ಕೆ ಯಾರ ಅನುಮತಿಯೂ ಬೇಡ, ಇಷ್ಟೇ ಇದ್ದರೂ ಉಪಯೋಗ ಇದೆ. ಎರಡನೆಯದು: ಆ ಮಾತು ಎಸ್‌ಎಂಎಸ್ ಆಗಿ ಹೋಗಬೇಕು. ಮೂರನೆಯದು: ತಿದ್ದುಪಡಿಯ ಸಂದೇಶ. ಎರಡೂ ಟೆಂಪ್ಲೇಟ್‌ಗಳಿಗೆ ಅರ್ಜಿ ಹಾಕುವ ಕೆಲಸ ಪ್ರಾಡಕ್ಟ್ ಓನರ್ ಹೆಸರಿಗೆ ಹೋಯಿತು, ಮುಂದಿನ ರಿಫೈನ್‌ಮೆಂಟ್‌ನಲ್ಲಿ ಅದರ ಸ್ಥಿತಿ ಕೇಳುವುದು ಅಂತ ಆಯಿತು. ಹೆಸರು ಮತ್ತು ದಿನ ಇಲ್ಲದ ಡಿಪೆಂಡೆನ್ಸಿ ಹಾಗೇ ಉಳಿದುಬಿಡುತ್ತದೆ.

ಅಂದಾಜಿನ ಬಗ್ಗೆ ಒಂದು ಮಾತು. ಒಡೆಯುವ ಮುಂಚೆ ಒಬ್ಬ ಡೆವಲಪರ್ ಕೆಲಸದ ಗಾತ್ರ 5 ಪಾಯಿಂಟ್ ಅಂದಿದ್ದ, ಇನ್ನೊಬ್ಬ 13. ಇಷ್ಟು ಅಂತರ ಬಂದಾಗ ನಡುವೆ 8 ಹಾಕಿ ಮುಂದೆ ಹೋಗಬೇಡಿ. ಇಬ್ಬರೂ ಬೇರೆ ಬೇರೆ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಅಂತ ಅರ್ಥ. ಇಲ್ಲಿ 13 ಅಂದವನು ತಿದ್ದುಪಡಿಯನ್ನೂ ಸೇರಿಸಿಕೊಂಡಿದ್ದ. ಒಡೆದ ಮೇಲೆ ಮೊದಲ ತುಂಡಿಗೆ ಇಬ್ಬರೂ 3 ಅಂದರು.

ಈ ಪಟ್ಟಿ ಕೆಡುವುದು ಹೇಗೆ ಅಂತಲೂ ತಿಳಿದಿರಬೇಕು. ಒಂದೊಂದು ಸಲ ಏಟು ತಿಂದಾಗಲೂ ತಂಡ ಒಂದೊಂದು ಸಾಲು ಸೇರಿಸುತ್ತದೆ. ಪೂರ್ತಿ ಡಿಸೈನ್ ಆಗಿರಬೇಕು, ಎಪಿಐ ದಾಖಲೆ ಪೂರ್ತಿ ಇರಬೇಕು, ಇಂಥವರ ಸಹಿ ಬೇಕು ಅಂತ ಪಟ್ಟಿ ಬೆಳೆಯುತ್ತದೆ. ಆಗ ಎಲ್ಲವನ್ನೂ ಮೊದಲೇ ಬರೆದು ಮುಗಿಸಿ ಆಮೇಲೆ ಕೋಡ್ ಮುಟ್ಟುವ ಹಳೇ ವಾಟರ್‌ಫಾಲ್ ವಾಪಸ್ ಬಂತು ಅಂತಲೇ ತಿಳಿಯಿರಿ. ಡೆವಲಪರ್‌ಗಳು "ರೆಡಿ ಇಲ್ಲ, ತೆಗೆದುಕೊಳ್ಳಲ್ಲ" ಅಂತ ಕಾರ್ಡ್ ವಾಪಸ್ ಕಳಿಸುತ್ತಾರೆ, ಪ್ರಾಡಕ್ಟ್ ಓನರ್ ಒಬ್ಬರೇ ಕೂತು ಖಾಲಿ ಜಾಗ ತುಂಬಿಸುತ್ತಾರೆ. ಮೇಲಿನ ಉದಾಹರಣೆಯಲ್ಲಿ ಎರಡು ದರದ ಪ್ರಶ್ನೆ ಕೇಳಿದ್ದು ಟೆಸ್ಟರ್, ತಿದ್ದುಪಡಿ ಎತ್ತಿದ್ದು ಡೆವಲಪರ್. ಒಬ್ಬರೇ ತುಂಬಿಸಿದ ಫಾರಂನಲ್ಲಿ ಈ ಎರಡೂ ಬರುತ್ತಿರಲಿಲ್ಲ.

ಪಟ್ಟಿ ಸರಿ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಸ್ಪ್ರಿಂಟ್ ಮುಗಿದಾಗ ಉಳಿದುಹೋದ ಕಾರ್ಡ್‌ಗಳನ್ನು ತೆಗೆಯಿರಿ. ಪ್ರತಿಯೊಂದೂ ಯಾಕೆ ನಿಂತಿತು ಅಂತ ಬರೆಯಿರಿ. ಕೋಡ್ ಕಷ್ಟವಾಗಿ ನಿಂತಿದ್ದರೆ ಅದಕ್ಕೆ ಪಟ್ಟಿ ಏನೂ ಮಾಡಲಾಗದು. ಹೊರಗಿನವರ ಉತ್ತರಕ್ಕೆ ಕಾಯುತ್ತಾ ನಿಂತಿದ್ದರೆ ಮೂರನೇ ಪ್ರಶ್ನೆಯನ್ನು ಕೇಳದೆ ಟಿಕ್ ಹಾಕಿದ್ದೀರಿ. ಬಹಳ ದಿನದಿಂದ ಯಾವ ಕಾರ್ಡನ್ನೂ ತಡೆಯದ, ಯಾವ ಮಾತನ್ನೂ ಎಬ್ಬಿಸದ ಸಾಲು ಇದ್ದರೆ ಅಳಿಸಿಬಿಡಿ.

ಎಲ್ಲದಕ್ಕೂ ಈ ಪಟ್ಟಿ ಹಿಡಿಯಬೇಕಾಗಿಲ್ಲ. ಹರಾಜಿನ ಹೊತ್ತಿಗೆ ಆ್ಯಪ್ ನಿಂತುಹೋದರೆ ಮೊದಲು ಅದನ್ನು ಸರಿಮಾಡಿ. ಏನೂ ಗೊತ್ತಿಲ್ಲದ ವಿಷಯ ಆದರೆ ಒಂದೆರಡು ದಿನದ ಸ್ಪೈಕ್, ಅಂದರೆ ಹುಡುಕಿ ತಿಳಿಯುವ ಕೆಲಸ, ಇಟ್ಟು, ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ಮಾತ್ರ ಬರೆದುಕೊಳ್ಳಿ. ಕೆಲವೊಮ್ಮೆ ರೆಡಿ ಇಲ್ಲದ ಕಾರ್ಡನ್ನೇ ತೆಗೆದುಕೊಳ್ಳುವ ಅಗತ್ಯ ಬರುತ್ತದೆ. ತೆಗೆದುಕೊಳ್ಳಿ, ಆದರೆ ಡೆವಲಪರ್‌ಗಳು, ಪ್ರಾಡಕ್ಟ್ ಓನರ್ ಇಬ್ಬರೂ ಒಪ್ಪಿರಬೇಕು. ಯಾವ ಪ್ರಶ್ನೆಗೆ ಇನ್ನೂ ಉತ್ತರ ಇಲ್ಲ, ಯಾವ ದಿನದೊಳಗೆ ಬಾರದಿದ್ದರೆ ಕಾರ್ಡ್ ಹೊರಗೆ ಇಡುತ್ತೇವೆ ಅನ್ನುವುದನ್ನು ಕಾರ್ಡಿನ ಮೇಲೆಯೇ ಬರೆದಿರಬೇಕು.