ಓದುಗರ ಪ್ರಶ್ನೆ: ಕ್ಯಾಪ್ಷನ್ ಚಿಕ್ಕದಾಗಿಯೇ ಇದೆ, ಆದರೂ ಜಾಹೀರಾತು ರಿಜೆಕ್ಟ್ ಆಗ್ತಿದೆ. ಏನು ತಪ್ಪು?

ತುಮಕೂರಿನ ಓದುಗರೊಬ್ಬರು ಮನೆಯಲ್ಲೇ ರಾಗಿ ಮಾಲ್ಟ್ ಮಾಡಿ ಮಾರುತ್ತಾರೆ. ಫೇಸ್‌ಬುಕ್‌ನಲ್ಲಿ ದುಡ್ಡು ಕೊಟ್ಟು ಹಾಕಿದ ಅವರ ಜಾಹೀರಾತು ತಿರಸ್ಕೃತವಾಗಿದೆ. ಗೂಗಲ್‌ನಲ್ಲಿ ಹೆಡ್‌ಲೈನ್ ಬಾಕ್ಸ್ ಅರ್ಧ ವಾಕ್ಯಕ್ಕೇ ತುಂಬಿಹೋಗುತ್ತಿದೆ. ಅವರು ಬರೆದಿದ್ದು ಹೀಗಿತ್ತು: "ನಿಮಗೆ ಶುಗರ್ ಇದೆಯಾ? ನಮ್ಮ ಮಾಲ್ಟ್ ಕುಡಿಯಿರಿ, 15 ದಿನದಲ್ಲಿ ಶುಗರ್ ಕಂಟ್ರೋಲ್!! 100% ಗ್ಯಾರಂಟಿ."

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಮೊದಲು ಹೆಚ್ಚು ಗಂಭೀರವಾದದ್ದು.

"ನಿಮಗೆ ಶುಗರ್ ಇದೆಯಾ?" ಅಂತ ಕೇಳುವುದನ್ನೇ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ ಒಪ್ಪುವುದಿಲ್ಲ. ಓದುವವರ ಕಾಯಿಲೆ, ಧರ್ಮ, ವಯಸ್ಸು, ಹಣಕಾಸಿನ ಸ್ಥಿತಿ ನಮಗೆ ಗೊತ್ತು ಎನ್ನುವಂತೆ ಜಾಹೀರಾತು ಮಾತಾಡಬಾರದು ಎನ್ನುವುದು ಅವರ ನಿಯಮ. ಪ್ರಶ್ನೆಯ ರೂಪದಲ್ಲಿ ಕೇಳಿದರೂ ಅಷ್ಟೇ.

"15 ದಿನದಲ್ಲಿ ಕಂಟ್ರೋಲ್" ಅನ್ನೋದು ಇನ್ನೂ ದೊಡ್ಡ ತಪ್ಪು. ಮೆಟಾ ಬಿಟ್ಟರೂ ನಮ್ಮ ಕಾನೂನು ಬಿಡುವುದಿಲ್ಲ. ಆಹಾರ ಪದಾರ್ಥ ಕಾಯಿಲೆ ತಡೆಯುತ್ತದೆ, ವಾಸಿ ಮಾಡುತ್ತದೆ ಎಂದು ಹೇಳುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳು ನಿಷೇಧಿಸುತ್ತವೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲವೇ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಅದಕ್ಕಿಂತ ಮುಖ್ಯವಾಗಿ, ಈ ಮಾತು ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿಬಿಟ್ಟರೆ? ಆದ್ದರಿಂದ ಈ ಸಾಲನ್ನು ಮೆದು ಮಾಡಿ ಉಳಿಸಿಕೊಳ್ಳಲು ನೋಡಬೇಡಿ. "ಶುಗರ್ ಇರುವವರಿಗೂ ಒಳ್ಳೆಯದು" ಅಂತ ತಿದ್ದಿದರೂ ಅದೇ ಕಥೆ. ಪೂರ್ತಿ ತೆಗೆಯಿರಿ.

ಹಾಗಾದರೆ ಹೇಳೋದಕ್ಕೆ ಏನು ಉಳಿಯಿತು? ಬೇಕಾದಷ್ಟು ಉಳಿದಿದೆ. ಅದೇ ಮಾತನ್ನು ತಿರುಗಿಸಿ ಮುರುಗಿಸಿ ಬರೆದರೆ ಅದು ಹೊಸ ಕ್ಯಾಪ್ಷನ್ ಆಗುವುದಿಲ್ಲ. ಒಂದೊಂದು ಕ್ಯಾಪ್ಷನ್ ಒಂದೊಂದು ಬೇರೆ ನಿಜ ಹೇಳಬೇಕು. ಆಗಲೇ ಯಾವುದು ಜನಕ್ಕೆ ಹಿಡಿಸಿತು ಅಂತ ಗೊತ್ತಾಗುವುದು.

ಹೇಗೆ ಮಾಡಿದ್ದು ಎಂದು ಹೇಳುವುದು ಒಂದು: "ರಾಗಿಯನ್ನು ಮೊಳಕೆ ಬರಿಸಿ, ಹುರಿದು ಬೀಸಿದ ಪುಡಿ. ಸಕ್ಕರೆ, ಬೆಲ್ಲ ಹಾಕಿಲ್ಲ. ಅರ್ಧ ಕೆಜಿ 220 ರೂ."

ಹೇಗೆ ಬಳಸುವುದು ಎಂದು ಹೇಳುವುದು ಇನ್ನೊಂದು: "ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಎರಡು ಚಮಚ ಪುಡಿ, ಒಂದು ಲೋಟ ನೀರು, ಐದು ನಿಮಿಷ ಕುದಿಸಿ. ರಾಗಿ ಮಾಲ್ಟ್ ರೆಡಿ."

ಮೂರನೆಯದು ತಲುಪಿಸುವ ಬಗ್ಗೆ: "ಈ ವಾರ ಬೀಸಿದ್ದು ಈ ವಾರವೇ ಕಳಿಸುತ್ತೇವೆ. 500 ರೂ. ಮೇಲಿನ ಆರ್ಡರ್‌ಗೆ ತುಮಕೂರು ನಗರದಲ್ಲಿ ಡೆಲಿವರಿ ಉಚಿತ." ಆ 500 ರೂಪಾಯಿಯ ಷರತ್ತು ಇದ್ದರೆ ಅದನ್ನು ಇಲ್ಲೇ ಹೇಳಿ. ಸುಮ್ನೆ "ಡೆಲಿವರಿ ಉಚಿತ" ಎಂದು ಬರೆದು ಷರತ್ತನ್ನು ಬಿಲ್ ಹಾಕುವಾಗ ತೋರಿಸಿದರೆ ಅದೂ ದಾರಿ ತಪ್ಪಿಸಿದಂತೆಯೇ.

ಸಕ್ಕರೆಯ ವಿಷಯದಲ್ಲೂ ಹುಷಾರಾಗಿರಿ. ಮಾಲ್ಟ್‌ಗೆ ಬೆಲ್ಲ ಬೆರೆಸಿದ್ದರೆ "ಸಕ್ಕರೆ ಹಾಕಿಲ್ಲ" ಎಂದು ಬರೆಯುವಂತಿಲ್ಲ, ಅಲ್ವಾ? "ನಂ. 1", "ಅತ್ಯುತ್ತಮ" ಎನ್ನುವ ಮಾತುಗಳಿಗೆ ಕೈಯಲ್ಲಿ ಪುರಾವೆ ಇರಬೇಕು. ಇಲ್ಲದಿದ್ದರೆ ಬೇಡ.

ಇನ್ನು ಅಕ್ಷರದ ಲೆಕ್ಕ. ಗೂಗಲ್ ಸರ್ಚ್ ಜಾಹೀರಾತಿನ ಒಂದು ಹೆಡ್‌ಲೈನ್‌ಗೆ 30, ವಿವರಣೆಗೆ 90 ಕ್ಯಾರೆಕ್ಟರ್ ಮಿತಿ. ಕನ್ನಡದಲ್ಲಿ ಬರೆಯುವವರು ಎಡವುವುದು ಇಲ್ಲೇ. ನಾವು "ರಾ" ಅನ್ನುವುದನ್ನು ಒಂದು ಅಕ್ಷರ ಎನ್ನುತ್ತೇವೆ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಅದು ಎರಡು: ರ, ಅದರ ಮೇಲೆ ದೀರ್ಘದ ಗುರುತು. ಒತ್ತಕ್ಷರ ಇನ್ನೂ ದುಬಾರಿ. "ಕ್ಕ" ಅಂದರೆ ಮೂರು, "ಸ್ತ್ರೀ" ಅಂದರೆ ಆರು.

"ಮೊಳಕೆ ಬರಿಸಿ ಹುರಿದ ರಾಗಿ ಮಾಲ್ಟ್" ಎನ್ನುವುದನ್ನೇ ನೋಡಿ. ಕಣ್ಣಿಗೆ 13 ಅಕ್ಷರ. ಗುಣಿತದ ಗುರುತು, ಒತ್ತು, ನಡುವಿನ ಜಾಗ ಎಲ್ಲ ಸೇರಿದರೆ 29. ಮಿತಿಯೊಳಗೆ ಇದೆ, ಆದರೆ ಒಂದೇ ಒಂದು ಉಳಿದಿದೆ. ಆ ಒಂದನ್ನು ಆಶ್ಚರ್ಯಸೂಚಕಕ್ಕೆ ಬಳಸುವ ಹಾಗೂ ಇಲ್ಲ, ಗೂಗಲ್ ಹೆಡ್‌ಲೈನ್‌ನಲ್ಲಿ ಅದಕ್ಕೆ ಜಾಗವಿಲ್ಲ. ಇಕ್ಕಟ್ಟಾದರೆ "ಸಕ್ಕರೆ ಹಾಕದ ರಾಗಿ ಮಾಲ್ಟ್" ಇದೆ, 23ಕ್ಕೆ ಮುಗಿಯುತ್ತದೆ. ಬೆರಳಲ್ಲಿ ಎಣಿಸಬೇಡಿ, ಬಾಕ್ಸ್ ಪಕ್ಕದಲ್ಲಿ ಕಾಣುವ ಎಣಿಕೆಯನ್ನು ನೋಡಿ.

ಮೆಟಾದ ಮುಖ್ಯ ಪಠ್ಯಕ್ಕೆ ಇಷ್ಟು ಬಿಗಿ ಇಲ್ಲ. ಆದರೆ ಸುಮಾರು 125 ಕ್ಯಾರೆಕ್ಟರ್ ಆದಮೇಲೆ ಉಳಿದದ್ದು ಮಡಚಿಕೊಳ್ಳುತ್ತದೆ. ಹಾಗಾಗಿ ಪದಾರ್ಥದ ಹೆಸರು ಮೊದಲ ಸಾಲುಗಳಲ್ಲೇ ಬರಲಿ. ಮೇಲಿನ ಮೊದಲ ಕ್ಯಾಪ್ಷನ್ ಬೆಲೆಯೂ ಸೇರಿ 82ರಲ್ಲಿ ಮುಗಿದಿದೆ.

ತಿದ್ದಿದ ಮೇಲೂ ರಿಜೆಕ್ಟ್ ಆದರೆ ಅದನ್ನೇ ಮತ್ತೆ ಮತ್ತೆ ಹಾಕಬೇಡಿ, ಅಕೌಂಟ್ ಮೇಲೇ ನಿರ್ಬಂಧ ಬರಬಹುದು. ಜಾಹೀರಾತು ಒತ್ತಿದಾಗ ತೆರೆಯುವ ಪುಟವನ್ನು ಒಮ್ಮೆ ನೋಡಿ. ಪರಿಶೀಲನೆಯಲ್ಲಿ ಆ ಪುಟವೂ ಸೇರಿರುತ್ತದೆ. ಕ್ಯಾಪ್ಷನ್‌ನಿಂದ ತೆಗೆದ "ಶುಗರ್ ಕಂಟ್ರೋಲ್" ಅಲ್ಲಿ, ಇಲ್ಲವೇ ಪ್ಯಾಕೆಟ್ಟಿನ ಫೋಟೋದಲ್ಲಿ ಇನ್ನೂ ಉಳಿದಿರಬಹುದು.